‘ಅಡ್ಡಿಲ್ಲೆ’ ಎಂದು ಬಾಯಲ್ಲಿ ಹೇಳಿದರೆ ಸಾಲದು

ಶಿರಸಿಯ ಒಂದು ಅಡಿಕೆ ಮಾರಾಟ ಸಹಕಾರಿ ಸಂಘದ ಲೆಕ್ಕ ವಿಭಾಗದಲ್ಲಿ ಎಂಟು ವರ್ಷದಿಂದ ಕೆಲಸ ಮಾಡುವ ಸಹೋದ್ಯೋಗಿಯೊಬ್ಬರಿಗೆ ಅರೆಕಾಲಿಕ ಪಿಎಚ್‌ಡಿಗೆ ಸೀಟು ಸಿಗುವ ಹಂತಕ್ಕೆ ಬಂದಿತ್ತು. ಎಂ.ಕಾಂ ಆಗಿತ್ತು, ಪ್ರವೇಶ ಪರೀಕ್ಷೆ ಮುಗಿದಿತ್ತು, ಸಂದರ್ಶನವೂ ಆಗಿತ್ತು. ಉಳಿದದ್ದು ಉದ್ಯೋಗದಾತರ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಒಂದೇ. ಅವರು ವ್ಯವಸ್ಥಾಪಕರ ಕೋಣೆಗೆ ಹೋಗಿ ಕೇಳಿದರು. “ಅಡ್ಡಿಲ್ಲೆ ತಂಗೀ, ಅರ್ಜಿ ಕೊಡು” ಎಂದರು ವ್ಯವಸ್ಥಾಪಕರು. ಸಂಜೆಯೊಳಗೆ ಪತ್ರ ಟೈಪಾಗಿ, ಸಹಿ ಬಿದ್ದು, ಶಿಕ್ಕಾ ಒತ್ತಿ ಕೈಗೆ ಬಂತು. ಹತ್ತು ದಿನಕ್ಕೆ ಅದೇ ಪತ್ರ ವಿಶ್ವವಿದ್ಯಾಲಯದಿಂದ ವಾಪಸು ಬಂತು. ಅದು ಬಂದ ದಿನ ಆಡಳಿತ ವಿಭಾಗದ ಮೇಜಿನ ಮೇಲೆ ಆ ಕಾಗದವನ್ನು ಇಟ್ಟುಕೊಂಡು ನಾವು ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ತಪ್ಪು ಬ್ಯಾಂಕು, ಶಾಲೆ, ಆಸ್ಪತ್ರೆಗಳಲ್ಲೂ ಆಗುತ್ತದೆ, ಆದದ್ದು ಏನು ಎಂಬುದು ಮಾತ್ರ ಬೇಗ ಹೊಳೆಯುವುದಿಲ್ಲ.

ಮೊದಲ ಪತ್ರದಲ್ಲಿ ಇದ್ದದ್ದು ಒಂದೇ ಉದ್ದ ವಾಕ್ಯ: “ಸದರಿಯವರು ಕಚೇರಿ ಕೆಲಸಕ್ಕೆ ಬಾಧಕವಾಗದಂತೆ, ಕಚೇರಿ ವೇಳೆಯ ಹೊರಗೆ, ಯಾವುದೇ ವಿಶೇಷ ರಜೆ ಕೋರತಕ್ಕದ್ದಲ್ಲ ಎಂಬ ಷರತ್ತಿಗೊಳಪಟ್ಟು ಉನ್ನತ ವ್ಯಾಸಂಗ ಮಾಡಲು ಸಂಘದ ಆಕ್ಷೇಪಣೆ ಇರುವುದಿಲ್ಲ.” ಓದಿದರೆ ತಪ್ಪೇನೂ ಕಾಣುವುದಿಲ್ಲ. ಹಿಂದೆ ಯಾರೋ ದೂರಶಿಕ್ಷಣದಲ್ಲಿ ಪದವಿ ಮಾಡಿದಾಗ ಕೊಟ್ಟ ಪತ್ರದ ನಮೂನೆ ಅದು, ಹೆಸರು ಮಾತ್ರ ಬದಲಾಗಿತ್ತು. ದೂರಶಿಕ್ಷಣದ ಪದವಿಗೆ ಅದು ಸರಿಯಾಗಿಯೇ ಇತ್ತು. ಪಿಎಚ್‌ಡಿಗೆ ಅದೇ ಪತ್ರ ನಡೆಯದಿರಲು ಕಾರಣವಿದೆ.

ಯುಜಿಸಿ 2022ರಲ್ಲಿ ಪಿಎಚ್‌ಡಿಗೆ ಹೊಸ ನಿಯಮಾವಳಿ ತಂದಿತು. ಅರೆಕಾಲಿಕ ಪಿಎಚ್‌ಡಿಗೆ ಅವಕಾಶವಿದೆ ಎಂದು ಹೇಳಿ, ಅಭ್ಯರ್ಥಿ ಕೆಲಸ ಮಾಡುವ ಸಂಸ್ಥೆಯ ಸಕ್ಷಮ ಅಧಿಕಾರಿಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು ಎಂದು ಅದು ವಿಶ್ವವಿದ್ಯಾಲಯಗಳಿಗೇ ಹೊಣೆ ಹೊರಿಸುತ್ತದೆ. ಆ ಪತ್ರದಲ್ಲಿ ಮೂರು ಮಾತು ಸ್ಪಷ್ಟವಾಗಿ ಇರಬೇಕು. ಒಂದು, ಅರೆಕಾಲಿಕವಾಗಿ ಅಧ್ಯಯನ ಮಾಡಲು ನೌಕರರಿಗೆ ಅನುಮತಿ ಇದೆ. ಎರಡು, ಅವರ ಕಚೇರಿಯ ಕರ್ತವ್ಯಗಳು ಸಂಶೋಧನೆಗೆ ಸಾಕಷ್ಟು ಸಮಯ ಕೊಡಲು ಅವಕಾಶ ಮಾಡಿಕೊಡುತ್ತವೆ. ಮೂರು, ಅಗತ್ಯ ಬಿದ್ದರೆ ಪಿಎಚ್‌ಡಿಯ ತರಗತಿ ಪಾಠದ ಭಾಗವಾದ ಕೋರ್ಸ್‌ವರ್ಕ್ ಮುಗಿಸಲು ಅವರನ್ನು ಕರ್ತವ್ಯದಿಂದ ಬಿಡುಗಡೆ ಮಾಡಲಾಗುತ್ತದೆ.

ಈಗ ನಮ್ಮ ಪತ್ರವನ್ನು ಇದರ ಪಕ್ಕ ಇಟ್ಟು ನೋಡಿ. ಮೊದಲ ಮಾತು ಅರ್ಧ ಇದೆ, ‘ಅರೆಕಾಲಿಕ’ ಎಂಬ ಶಬ್ದವೇ ಇಲ್ಲ. ಎರಡನೆಯದರ ಸುದ್ದಿಯೇ ಇಲ್ಲ. ಮೂರನೆಯದಕ್ಕಂತೂ ಪತ್ರ ತದ್ವಿರುದ್ಧ ಹೇಳುತ್ತಿದೆ. ಬಿಡುಗಡೆ ಮಾಡುತ್ತೇವೆ ಎನ್ನಬೇಕಾದ ಜಾಗದಲ್ಲಿ ರಜೆ ಕೇಳಬಾರದು ಎಂದಿದೆ. ಹೆಸರಿಗೆ ಅದು ನಿರಾಕ್ಷೇಪಣಾ ಪತ್ರವಾದರೂ ಒಳಗೆ ಇದ್ದದ್ದು ಆಕ್ಷೇಪಣೆ. ಅದನ್ನು ತಿರುಗಿಸಿ ಕಳಿಸಿದ ಗುಮಾಸ್ತರು ಸರಿಯಾಗಿಯೇ ಓದಿದ್ದರು. ‘ಕೆಲಸಕ್ಕೆ ಬಾಧಕವಾಗದಂತೆ’ ಎಂಬ ಷರತ್ತನ್ನು ಹಲವು ಕಚೇರಿಗಳು ಅಭ್ಯಾಸಬಲದಿಂದ ಸೇರಿಸುತ್ತವೆ. ಆ ಒಂದು ತುಂಡು ವಾಕ್ಯವೇ ಎರಡನೆಯ ಮಾತನ್ನು ಅನುಮಾನಕ್ಕೆ ತಳ್ಳುತ್ತದೆ. ಅದನ್ನು ಬಿಟ್ಟೇ ಬರೆಯಬೇಕು.

ವ್ಯವಸ್ಥಾಪಕರಿಗೆ ಮೂರನೆಯ ಮಾತು ತೋರಿಸಿದಾಗ ಅವರ ಮುಖ ಬದಲಾಯಿತು. ಪಿಎಚ್‌ಡಿಗೆ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು ವರ್ಷ. ‘ಅಗತ್ಯ ಬಿದ್ದರೆ ಬಿಡುಗಡೆ’ ಎಂದು ಬರೆದುಕೊಟ್ಟರೆ ಅಡಿಕೆ ಕೊನೆಕೊಯ್ಲಿನ ಹಂಗಾಮಿನಲ್ಲಿ, ಮಾರ್ಚ್ ಲೆಕ್ಕದಲ್ಲಿ, ಸೆಪ್ಟೆಂಬರಿನ ಮಹಾಸಭೆಯ ತಯಾರಿಯಲ್ಲಿ ಇವರಿಲ್ಲದೆ ನಡೆಸುವುದು ಹೇಗೆ? ಅವರ ಭಯ ಸುಳ್ಳಲ್ಲ. ಆದರೆ ಅವರು ಓದಿದ್ದು ‘ಬಿಡುಗಡೆ’ ಎಂಬಲ್ಲಿಗೆ ನಿಂತಿತ್ತು. ಬಿಡುಗಡೆ ಬೇಕಿರುವುದು ಕೋರ್ಸ್‌ವರ್ಕಿಗೆ ಮಾತ್ರ, ಇಡೀ ಪಿಎಚ್‌ಡಿಗೆ ಅಲ್ಲ.

ಅದು ಎಷ್ಟು ದಿನ ಎಂಬುದನ್ನು ಅಲ್ಲೇ ಕೂತು ಲೆಕ್ಕ ಹಾಕಿದೆವು. ನಿಯಮದ ಪ್ರಕಾರ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ತರಗತಿ ಪಾಠದ ಒಂದು ಕ್ರೆಡಿಟ್ಟಿಗೆ 15 ತಾಸು ಹಿಡಿದರೆ ಒಟ್ಟು 180 ತಾಸು. ದಿನಕ್ಕೆ ಆರು ತಾಸು ಪಾಠ ನಡೆದರೆ 30 ದಿನ. ವಾರಕ್ಕೆ ಎರಡು ದಿನ ತರಗತಿ ಇಟ್ಟರೆ 15 ವಾರ, ಅಂದರೆ ಸುಮಾರು ಒಂದು ಸೆಮಿಸ್ಟರ್. ಅದರಲ್ಲಿ ಒಂದು ದಿನ ರಜಾದಿನಕ್ಕೆ ಕೂಡಿಬಂದರೆ ಕಚೇರಿಗೆ ತಪ್ಪುವುದು ವಾರಕ್ಕೆ ಒಂದೇ ದಿನ. ಅವರ ಖಾತೆಯಲ್ಲಿ 41 ದಿನ ಗಳಿಕೆ ರಜೆ ಉಳಿದಿತ್ತು. ಮೂವತ್ತು ದಿನವೂ ರಜೆಯೇ ಹಾಕಿದರೂ ಸಂಬಳ ಕಡಿತದ ಪ್ರಶ್ನೆ ಬರುವುದಿಲ್ಲ, ಸಂಘಕ್ಕೆ ಹೆಚ್ಚಿನ ಖರ್ಚೂ ಇಲ್ಲ. ಶಿರಸಿಯಿಂದ ವಿಶ್ವವಿದ್ಯಾಲಯ ಇರುವ ಧಾರವಾಡಕ್ಕೆ ಬೆಳಿಗ್ಗೆಯ ಬಸ್ಸು ಹಿಡಿದು ಹೋಗಿ ಬರುವುದರಲ್ಲೇ ದಿನ ಕಳೆಯುತ್ತದೆ, ಹಾಗಾಗಿ ಅರ್ಧ ದಿನದ ರಜೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದನ್ನೂ ಬರೆದು ತೋರಿಸಿದೆವು. ‘ಮೂವತ್ತು ದಿನ’ ಎಂಬ ಅಂಕಿ ಕಾಗದದ ಮೇಲೆ ಬಿದ್ದ ಮೇಲೆ ಮಾತಿನ ದಾರಿಯೇ ಬದಲಾಯಿತು. ಯಾರಾದರೂ ಎನ್‌ಒಸಿ ಕೇಳಲು ಹೋಗುವವರು ನನ್ನ ಹತ್ತಿರ ಸಲಹೆ ಕೇಳಿದರೆ ಮೊದಲು ಹೇಳುವುದು ಇದನ್ನೇ: ವಿಭಾಗದಿಂದ ಕೋರ್ಸ್‌ವರ್ಕಿನ ವೇಳಾಪಟ್ಟಿ ಕೇಳಿ, ಅದು ಸಿಗದಿದ್ದರೆ ಕ್ರೆಡಿಟ್‌ನಿಂದ ದಿನ ಲೆಕ್ಕ ಹಾಕಿ, ಆ ಹಾಳೆಯನ್ನು ಅರ್ಜಿಗೆ ಲಗತ್ತಿಸಿ.

ಇನ್ನೊಂದು ತೊಡಕು ಸಹಿಯದು. ನಿಯಮ ಕೇಳುವುದು ಸಕ್ಷಮ ಅಧಿಕಾರಿಯ ಪತ್ರ. ನಮ್ಮ ಸಂಘದಲ್ಲಿ ಸಾಂದರ್ಭಿಕ ರಜೆ ಮಂಜೂರು ಮಾಡುವುದು ವ್ಯವಸ್ಥಾಪಕರ ಕೈಯಲ್ಲಿದೆ, ಆದರೆ ನೇಮಕ ಮಾಡಿದ್ದು ಆಡಳಿತ ಮಂಡಳಿ. ಮೂರು ವರ್ಷದ ಮೇಲೆ ಎಳೆಯುವ, ಸಂಘ ಒಪ್ಪಿಕೊಂಡಂತೆ ಆಗುವ ಪತ್ರಕ್ಕೆ ನೇಮಕ ಮಾಡಿದವರ ಠರಾವು ಇರುವುದೇ ಕ್ಷೇಮ. ವ್ಯವಸ್ಥಾಪಕರು ನಾಳೆ ಬದಲಾಗಬಹುದು, ಮುಂದಿನವರು “ನಾನು ಕೊಟ್ಟದ್ದಲ್ಲ” ಎಂದುಬಿಟ್ಟರೆ ಕೋರ್ಸ್‌ವರ್ಕಿನ ನಡುವೆ ನೌಕರರು ಸಿಕ್ಕಿಬೀಳುತ್ತಾರೆ. ಮಂಡಳಿಯ ಸಭೆ ತಿಂಗಳಿಗೊಮ್ಮೆ, ವಿಷಯಪಟ್ಟಿ ಹೊರಡುವುದು ಒಂದು ವಾರ ಮುಂಚೆ. ಅಂದರೆ ಕೆಟ್ಟ ಹೊಂದಾಣಿಕೆಯಾದರೆ ಅರ್ಜಿ ಕೊಟ್ಟಲ್ಲಿಂದ ಪತ್ರ ಕೈಗೆ ಬರಲು ಐದಾರು ವಾರ. ವಿಶ್ವವಿದ್ಯಾಲಯದ ದಾಖಲೆ ಪರಿಶೀಲನೆಗೆ ಅಷ್ಟು ಗಡುವು ಇರುವುದಿಲ್ಲ. ಈ ಪ್ರಕರಣದಲ್ಲಿ ಸಭೆ ಒಂಬತ್ತು ದಿನ ದೂರವಿತ್ತು, ಅದಕ್ಕೇ ಸೀಟು ಉಳಿದುಕೊಂಡಿತು. ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದ ದಿನವೇ ಕಚೇರಿಗೂ ಅರ್ಜಿ ಕೊಡುವುದು ಮೇಲು. ಸೀಟು ಸಿಗದಿದ್ದರೆ ಠರಾವು ಪುಸ್ತಕದಲ್ಲಿ ಉಳಿಯುತ್ತದೆ ಅಷ್ಟೆ.

ಹೊಸ ಅರ್ಜಿಯನ್ನು ಹೀಗೆ ಕಟ್ಟಿದೆವು. ಮೊದಲ ಪುಟದಲ್ಲಿ ಕೋರಿಕೆ, ಅದರ ಹಿಂದೆ ವಿಶ್ವವಿದ್ಯಾಲಯದ ಪ್ರಕಟಣೆ, ನಿಯಮಾವಳಿಯಲ್ಲಿ ಆ ಮೂರು ಮಾತು ಇರುವ ಪುಟದ ಪ್ರತಿ, ದಿನಗಳ ಲೆಕ್ಕ, ಮತ್ತು ಅವರು ಇಲ್ಲದ ದಿನ ಅವರ ಕೆಲಸ ನೋಡಿಕೊಳ್ಳಲು ಒಪ್ಪಿದ ಸಹೋದ್ಯೋಗಿಯ ಸಹಿ ಇರುವ ಒಂದು ಚೀಟಿ. ಕೊನೆಯಲ್ಲಿ ನಮಗೆ ಬೇಕಾದ ಪತ್ರದ ಕರಡನ್ನೇ ಸೇರಿಸಿದೆವು. ಕರಡು ಕೊಡುವುದು ಸೊಕ್ಕು ಎಂದು ಕೆಲವರು ಹಿಂಜರಿಯುತ್ತಾರೆ. ಕೊಡದಿದ್ದರೆ ಟೈಪ್ ಮಾಡುವವರು ಹಳೇ ನಮೂನೆ ತೆಗೆಯುತ್ತಾರೆ, ಮತ್ತೆ ಅದೇ ಷರತ್ತು ಬರುತ್ತದೆ. ಅರ್ಜಿಯನ್ನು ಆವಕ ವಿಭಾಗದಲ್ಲಿ ಕೊಟ್ಟು, ಸಂಖ್ಯೆ ತಾರೀಖು ಹಾಕಿಸಿದ ಪ್ರತಿಯೊಂದನ್ನು ಅವರು ಇಟ್ಟುಕೊಂಡರು.

ಮಂಡಳಿಯಲ್ಲಿ ಒಬ್ಬ ನಿರ್ದೇಶಕರು, ಪಿಎಚ್‌ಡಿ ಮುಗಿದ ಮೇಲೆ ಮೂರು ವರ್ಷ ಸಂಘ ಬಿಡುವಂತಿಲ್ಲ ಎಂದು ಪತ್ರದಲ್ಲೇ ಬರೆಯೋಣ ಎಂದರು. ಸಂಘ ಶುಲ್ಕ ಕೊಡುತ್ತಿಲ್ಲ, ಸಂಬಳ ಸಹಿತ ವಿಶೇಷ ರಜೆಯನ್ನೂ ಕೊಡುತ್ತಿಲ್ಲ. ಕೊಡದೆ ಕಟ್ಟಿಹಾಕುವುದು ನ್ಯಾಯವಲ್ಲ ಎಂದು ಅಧ್ಯಕ್ಷರೇ ಹೇಳಿ ಅದನ್ನು ಕೈಬಿಟ್ಟರು. ಒಪ್ಪಂದ ಬೇಕೇ ಬೇಕು ಎನ್ನುವ ಸಂಸ್ಥೆಯಾದರೆ ಅದನ್ನು ನೌಕರರ ಜೊತೆ ಬೇರೆ ಕಾಗದದಲ್ಲಿ ಮಾಡಿಕೊಳ್ಳಲಿ. ಯಾವ ರಜೆ, ಯಾರಿಗೆ ಪ್ರಭಾರ, ಯಾವ ವಾರ ಬಿಡಲಾಗದು ಎಂಬ ಒಳಗಿನ ವ್ಯವಸ್ಥೆಗೂ ಕಚೇರಿ ಆದೇಶವೇ ಸರಿಯಾದ ಜಾಗ. ನಾವೂ ಹಾಗೇ ಮಾಡಿದೆವು. ವಿಶ್ವವಿದ್ಯಾಲಯಕ್ಕೆ ಹೋಗುವ ಪತ್ರದಲ್ಲಿ ಮೂರು ಮಾತಿನ ಹೊರತು ಷರತ್ತು ಇರಕೂಡದು.

ಕೊನೆಗೆ ಹೋದ ಪತ್ರ ಒಂದೇ ಪುಟ. ಸಂಘದ ಶೀರ್ಷಿಕೆಯ ಹಾಳೆ, ಜಾವಕ ಸಂಖ್ಯೆ, ತಾರೀಖು. ‘ಸಂಬಂಧಪಟ್ಟವರಿಗೆ’ ಎಂದು ಬಿಡದೆ ಕುಲಸಚಿವರ ಹೆಸರಿನ ಬದಲು ಹುದ್ದೆಗೇ ಬರೆದದ್ದು. ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿದ್ದಂತೆ. ಕಚೇರಿ ದಾಖಲೆಯಲ್ಲಿ ಮದುವೆಯ ನಂತರದ ಹೆಸರು ಇದ್ದುದರಿಂದ ಎರಡೂ ಒಬ್ಬರದೇ ಎಂದು ಒಂದು ಸಾಲು ಸೇರಿಸಬೇಕಾಯಿತು. ಹುದ್ದೆ, ಸೇರಿದ ದಿನ, ಕಾಯಂ ನೌಕರರು ಎಂಬ ಮಾತು, ವಿಷಯದ ಹೆಸರು, ‘ಅರೆಕಾಲಿಕ’ ಎಂಬ ಶಬ್ದ. ಮೂರು ಮಾತುಗಳು ಮೂರು ಬೇರೆ ಸಾಲಾಗಿ. ಠರಾವಿನ ಸಂಖ್ಯೆ ಮತ್ತು ತಾರೀಖು, ದೃಢೀಕರಿಸಿದ ನಕಲು ಲಗತ್ತು. ಸಹಿಯ ಕೆಳಗೆ ಹೆಸರು, ಹುದ್ದೆ, ಶಿಕ್ಕಾ. ಮೂರು ಮೂಲ ಪ್ರತಿ ಮಾಡಿಸಿದೆವು.

ವೀಸಾಕ್ಕೆ ಕೊಡುವ ಎನ್‌ಒಸಿಯ ಜೊತೆ ಇದನ್ನು ಬೆರೆಸಬಾರದು. ಮಗಳನ್ನು ನೋಡಲು ಹೊರದೇಶಕ್ಕೆ ಹೋಗುವವರ ಪತ್ರದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ರಜೆ ಮಂಜೂರಾಗಿದೆ, ಮರಳಿ ಕೆಲಸಕ್ಕೆ ಹಾಜರಾಗುತ್ತಾರೆ ಎಂಬುದೇ ಜೀವಾಳ.

ಪತ್ರ ಸ್ವೀಕಾರವಾಯಿತು. ಆದರೆ ಅವರ ಸಂಶೋಧನೆಯ ವಿಷಯ ಅಡಿಕೆಯ ಸಹಕಾರಿ ಮಾರಾಟ, ಅಂಕಿಅಂಶ ಬೇಕಿರುವುದು ಇದೇ ಸಂಘದ ಕಡತಗಳಿಂದ. ಓದಲು ಅನುಮತಿ ಸಿಕ್ಕಿತೆಂದರೆ ಸದಸ್ಯರ ಚಾಲಿ, ರಾಶಿ ಅಡಿಕೆಯ ವಹಿವಾಟಿನ ಲೆಕ್ಕ ಬಳಸಲು ಅನುಮತಿ ಸಿಕ್ಕಂತಲ್ಲ. ಅದಕ್ಕೆ ಬೇರೆ ಅರ್ಜಿ ಕೊಟ್ಟರು, ಸದಸ್ಯರ ಹೆಸರು ಹೊರಗೆ ಬಾರದಂತೆ ಎಂಬ ಷರತ್ತಿನ ಮೇಲೆ ಮುಂದಿನ ಸಭೆ ಒಪ್ಪಿತು. ಇನ್ನು ಕೋರ್ಸ್‌ವರ್ಕ್ ಮುಗಿದ ಮೇಲೂ ಪ್ರತಿ ಸೆಮಿಸ್ಟರಿಗೆ ಒಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಲು ಹೋಗಬೇಕು. ಪತ್ರದ ಮೂರನೆಯ ಮಾತು ಆ ದಿನವನ್ನು ಒಳಗೊಳ್ಳುವುದಿಲ್ಲ. ಆ ದಿನಕ್ಕೆ ಅವರು ಸಾಂದರ್ಭಿಕ ರಜೆ ಬರೆಯುತ್ತಾರೆ.