ಮಲ್ಲಿಗೆ ದಂಡೆ ಅಡ್ಡ ಬಂದ ಸ್ಲೈಡ್

ನನ್ನದು ತೀರ್ಥಹಳ್ಳಿಯಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಗದ್ದೆಯ ಕರಾರುಪತ್ರ, ಮಕ್ಕಳ ಪ್ರಾಜೆಕ್ಟು, ಹೀಗೆ ಬಂದದ್ದನ್ನೆಲ್ಲ ಟೈಪ್ ಮಾಡುತ್ತೇನೆ. ಅತ್ತಿಗೆ ಹತ್ತಿರದ ಉಪಕೇಂದ್ರದಲ್ಲಿ ನರ್ಸು. ಒಂದು ಶನಿವಾರ ಮಧ್ಯಾಹ್ನ ಅವರ ಫೋನಿಂದ ನನ್ನ ವಾಟ್ಸಾಪಿಗೆ ಮೂವತ್ತೇಳು ಫೋಟೊ ಬಂದು ಬಿದ್ದವು. ಹಿಂದೆಯೇ ಕರೆ.

"ಲಸಿಕೆ ತರಬೇತಿಯ ಸ್ಲೈಡು ಮಾರಾಯ. ಫೋಟೊದಲ್ಲಿ ಯಾರೂ ಓದೂದಿಲ್ಲ. ಹೊಸದಾಗಿ ಸೇರಿದ ಹುಡುಗಿಯರ ಗ್ರೂಪಿಗೆ ಹಾಕ್ಬೇಕು, ಬರೀ ಅಕ್ಷರದಲ್ಲಿ ಮಾಡಿಕೊಡು. ಸೋಮವಾರಕ್ಕೆ ಬೇಕು."

ಸುಲಭದ ಕೆಲಸ ಅಂದುಕೊಂಡೆ. ಫೋಟೊದಿಂದ ಅಕ್ಷರ ಎತ್ತುವ ಆ್ಯಪಿಗೆ ಮೊದಲ ಸ್ಲೈಡು ಕೊಟ್ಟೆ. ಅಕ್ಷರಗಳೇನೋ ಬಂದವು, ಆದರೆ ಎಲ್ಲ ಸಾಲೂ ಎಡಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು. ಯಾವುದು ಮುಖ್ಯ ಅಂಶ, ಯಾವುದು ಅದರ ಹೊಟ್ಟೆಯೊಳಗಿನ ಮರಿ ಅಂಶ ಎಂಬ ಗುರುತೇ ಇಲ್ಲ. ಟೊಳ್ಳು ಬೊಟ್ಟಿನ ಬುಲೆಟ್ಟನ್ನು ಅದು ಸೊನ್ನೆ ಎಂದು ಓದಿ, ಕೆಲವು ಸಾಲುಗಳ ಮುಂದೆ '೦' ಕೂರಿಸಿತ್ತು. ಡೋಸಿನ ಲೆಕ್ಕ ಇರುವ ಕಾಗದದಲ್ಲಿ ದಿಕ್ಕಿಲ್ಲದ ಸೊನ್ನೆ ಇರುವುದು ನನಗೆ ಸರಿ ಕಾಣಲಿಲ್ಲ. ಕೈಯಲ್ಲೇ ಟೈಪ್ ಮಾಡಲು ಕುಳಿತೆ.

ಮಟ್ಟ ತೋರಿಸಲು ಬರೀ ಸ್ಪೇಸ್ ಬಳಸುವುದೆಂದು ಮೊದಲೇ ತೀರ್ಮಾನಿಸಿದೆ. ಟ್ಯಾಬ್ ಒತ್ತಿದರೆ ನನ್ನ ಕಂಪ್ಯೂಟರಿನಲ್ಲಿ ಒಂದು ಅಗಲ, ಇನ್ನೊಬ್ಬರ ಫೋನಿನಲ್ಲಿ ಇನ್ನೊಂದು. ಸಾಲಿನ ಮೊದಲಿಗೆ ಹೈಫನ್ ಇಟ್ಟು ಒಂದು ಸ್ಪೇಸ್ ಬಿಟ್ಟರೆ ವಾಟ್ಸಾಪ್ ಅದನ್ನು ತನ್ನದೇ ಬುಲೆಟ್ ಮಾಡಿಕೊಳ್ಳುತ್ತದೆ. ಹಾಗಾಗಿ ಒಂದು ಮಟ್ಟ ಒಳಗೆ ಹೋದರೆ ಎರಡು ಸ್ಪೇಸ್, ಎರಡು ಮಟ್ಟಕ್ಕೆ ನಾಲ್ಕು. ಮಟ್ಟಕ್ಕೆ ನಾಲ್ಕು ನಾಲ್ಕು ಬಿಟ್ಟು ನೋಡಿದ್ದೆ, ಆದರೆ ಮೂರನೇ ಮಟ್ಟದ ಸಾಲು ಫೋನಿನಲ್ಲಿ ಬೇಗ ಮುರಿದು ಉಳಿದರ್ಧ ಎಡ ಅಂಚಿಗೆ ಬಂದು ಬೀಳುತ್ತಿತ್ತು. ನೋಡಿದವರಿಗೆ ಅದು ಹೊಸ ಮುಖ್ಯ ಅಂಶದಂತೆ ಕಾಣುತ್ತದೆ. ಅದಕ್ಕೇ ಸಾಲುಗಳನ್ನೂ ಗಿಡ್ಡ ಮಾಡಿದೆ.

ಇಪ್ಪತ್ತು ಸ್ಲೈಡು ಸಲೀಸಾಗಿ ಹೋಯಿತು. ಸ್ಲೈಡಿನಲ್ಲೇ ಮುರಿದ ಸಾಲುಗಳ ಹತ್ತಿರ ಮಾತ್ರ ನಿಧಾನಿಸಬೇಕಾಯಿತು. ಉದ್ದದ ಅಂಶವೊಂದು ಎರಡನೇ ಸಾಲಿಗೆ ಇಳಿದಾಗ ಅದು ಬುಲೆಟ್ಟಿನ ಕೆಳಗೆ ಬರದೆ, ಮೇಲಿನ ಅಕ್ಷರದ ಕೆಳಗೆ, ಒಳಕ್ಕೆ ಸರಿದು ನಿಲ್ಲುತ್ತದೆ. ದೂರದಿಂದ ಅದೂ ಮರಿ ಅಂಶವೇ ಅನ್ನಿಸುತ್ತದೆ. ಮುಂದೆ ಬೊಟ್ಟಾಗಲಿ ಗೀಟಾಗಲಿ ಇಲ್ಲದಿದ್ದರೆ ಮೇಲಿನ ಸಾಲಿಗೇ ಸೇರಿಸಿಬಿಟ್ಟೆ.

ರಾತ್ರಿ ಅರ್ಧ ಕೆಲಸ ಕಳಿಸಿದೆ. ಹತ್ತು ನಿಮಿಷಕ್ಕೆ ಅತ್ತಿಗೆಯ ಕರೆ.

"ಏನ್ ಬರ್ದಿದ್ದೀಯ ಮಾರಾಯ! ಬಿಸಿಜಿ ಒಡೆದು 28 ದಿನ ಇಡ್ಬಹುದಾ? ಯಾರಾದ್ರೂ ಇದನ್ನ ನಂಬಿದ್ರೆ?"

ಅದು ತೆರೆದ ವೈಲ್, ಅಂದರೆ ತೆರೆದ ಲಸಿಕೆ ಬಾಟಲಿಯ ನೀತಿಯ ಸ್ಲೈಡು. ಪೆಂಟಾ, ಟಿಡಿ, ಪೋಲಿಯೊ ಹನಿಯಂಥ ಕೆಲವು ಲಸಿಕೆಗಳ ವೈಲ್ ಒಮ್ಮೆ ತೆರೆದರೂ, ಷರತ್ತು ಪಾಲಿಸಿ ಇಟ್ಟಿದ್ದರೆ 28 ದಿನದವರೆಗೆ ಮುಂದಿನ ಶಿಬಿರಗಳಲ್ಲಿ ಬಳಸಬಹುದು. ಬಿಸಿಜಿ ಮತ್ತು ದಡಾರ-ರುಬೆಲ್ಲಾದ ಎಂಆರ್ ಹಾಗಲ್ಲ. ಅವು ಪುಡಿಯಾಗಿ ಬರುತ್ತವೆ. ಡೈಲ್ಯೂಯೆಂಟ್ ಎಂಬ ದ್ರವ ಹಾಕಿ ಕಲಸಿದ ಮೇಲೆ ರೋಗಾಣು ಬೆಳೆಯದಂತೆ ತಡೆಯುವ ರಾಸಾಯನಿಕ ಅದರಲ್ಲಿ ಇರುವುದಿಲ್ಲ. 4 ಗಂಟೆಯಾದರೆ ಅಥವಾ ಅದಕ್ಕೆ ಮೊದಲೇ ಶಿಬಿರ ಮುಗಿದರೆ ಉಳಿದದ್ದನ್ನು ಬಿಸಾಡಬೇಕು. ನಾನು ಬರೆದದ್ದರಲ್ಲಿ ಅವೆರಡೂ 28 ದಿನದ ನೀತಿಗೇ ಸೇರಿದಂತೆ ಕಾಣುತ್ತಿದ್ದವು.

ಫೋಟೊಗಳನ್ನು ಮತ್ತೆ ತೆಗೆದು ನೋಡಿದೆ. 21ನೇ ಸ್ಲೈಡಿನ ಕೆಳಭಾಗಕ್ಕೆ ಮುಂದೆ ಕುಳಿತವರೊಬ್ಬರ ತುರುಬು, ಅದರ ಸುತ್ತ ಮಲ್ಲಿಗೆ ದಂಡೆ. ಕೊನೆಯ ಸಾಲುಗಳೂ ಫೂಟರಿನ ಮುಕ್ಕಾಲು ಪಾಲೂ ಅದರ ಹಿಂದೆ. ಮುಂದಿನ ಸ್ಲೈಡು ಅದೇ ತಲೆಬರಹದ್ದು, ಪಕ್ಕದಲ್ಲಿ 'ಮುಂದುವರಿದಿದೆ' ಎಂದಿತ್ತು. ಅದರ ಮೊದಲ ಸಾಲೇ 'ಬಿಸಿಜಿ, ಎಂಆರ್'. ಅದರ ಮುಂದೆ ಇದ್ದದ್ದು ಗೀಟು. ಈ ತರಬೇತಿಯ ಸ್ಲೈಡುಗಳಲ್ಲಿ ಮೊದಲ ಮಟ್ಟಕ್ಕೆ ಬೊಟ್ಟು, ಎರಡನೆಯದಕ್ಕೆ ಗೀಟು. ಗೀಟಿನಿಂದ ಶುರುವಾಗುವ ಸ್ಲೈಡಿಗೆ ತಾಯಿ ಸಾಲು ಹಿಂದಿನ ಸ್ಲೈಡಿನಲ್ಲಿರಲೇಬೇಕು. ನನಗೆ ಅದು ಹೊಳೆಯಲಿಲ್ಲ. ಮೇಲೆ ಇದ್ದದ್ದೆಲ್ಲ ಮುಖ್ಯ ಅಂಶವೆಂದು ಎಡಕ್ಕೆ ಎಳೆದುಬಿಟ್ಟಿದ್ದೆ.

ಫೂಟರಿನಲ್ಲಿ ನಕ್ಷತ್ರದ ಗುರುತಿನ ಒಂದು ಸಾಲೂ ಇತ್ತು. ದಂಡೆಯ ಪಕ್ಕ ಉಳಿದ ಚೂರನ್ನು ಎಷ್ಟು ಹಿಗ್ಗಿಸಿದರೂ ಬೂದು ಚುಕ್ಕೆಗಳೇ. ಮಾಮೂಲಿಯಾಗಿ ಕಳಿಸಿದ ಫೋಟೊವನ್ನು ವಾಟ್ಸಾಪ್ ಅಗಲದಲ್ಲಿ ಸುಮಾರು 1600 ಪಿಕ್ಸೆಲ್ಲಿಗೆ ಕುಗ್ಗಿಸುತ್ತದೆ. ಅದರ ಮುಕ್ಕಾಲು ಭಾಗ ಸ್ಲೈಡು ಎಂದರೆ 1200. ಆಗ 12 ಪಾಯಿಂಟಿನ ಫೂಟರಿಗೆ ಸಿಗುವ ಎತ್ತರ 15 ಪಿಕ್ಸೆಲ್. ಇಂಗ್ಲಿಷ್ ಅಕ್ಷರವಾದರೆ ಹೇಗೋ ಊಹಿಸಬಹುದು. ಕನ್ನಡದಲ್ಲಿ ಗುಣಿತ ಮೇಲೆ, ಒತ್ತು ಕೆಳಗೆ, ನಡುವೆ ಅಕ್ಷರ, ಎಲ್ಲ ಆ ಹದಿನೈದರೊಳಗೇ ಮುಗಿಯಬೇಕು.

"ಅತ್ತಿಗೆ, ಫೋಟೊ ತೆಗೆದವರ ಹತ್ತಿರ ಎಲ್ಲವನ್ನೂ ಮತ್ತೊಮ್ಮೆ ಕೇಳಿ. ಗ್ಯಾಲರಿಯಿಂದ ಬೇಡ, ಡಾಕ್ಯುಮೆಂಟ್ ಅಂತ ಕಳಿಸ್ಲಿಕ್ಕೆ ಹೇಳಿ."

ಭಾನುವಾರ ಬೆಳಿಗ್ಗೆ ಬಂದವು. ಈಗ ಅಗಲ 4000 ಪಿಕ್ಸೆಲ್. ಚೆನ್ನಾಗಿ ಬಂದಿಲ್ಲವೆಂದು ಮೊದಲು ಕಳಿಸದೆ ಬಿಟ್ಟಿದ್ದ ಒಂದು ವಾರೆ ಫೋಟೊವೂ ಅದರಲ್ಲಿತ್ತು. ಕುರ್ಚಿಯಿಂದ ಪಕ್ಕಕ್ಕೆ ಬಾಗಿ ತೆಗೆದದ್ದಿರಬೇಕು. ತುರುಬು ಸರಿದು 21ರ ಕೊನೆಯ ಸಾಲು ಕಾಣುತ್ತಿತ್ತು: 'ಈ ನೀತಿ ಅನ್ವಯಿಸದ ಲಸಿಕೆಗಳು'. ಆದರೆ ಅದು ಮೇಲಿನ ಷರತ್ತುಗಳ ಸಾಲಿಗಿಂತ ಒಳಗೆ ಕುಳಿತಂತಿತ್ತು. ಹಾಗಾದರೆ ಇದೂ ಒಂದು ಷರತ್ತೇ? ವಾರೆಯಲ್ಲಿ ತೆಗೆದಾಗ ಸ್ಲೈಡಿನ ಎಡ ಅಂಚೇ ಓರೆಯಾಗುತ್ತದೆ. ಫೋಟೊದ ಅಂಚಿನಿಂದ ಅಳೆದರೆ ಕೆಳಗೆ ಹೋದಂತೆ ಪ್ರತಿ ಸಾಲೂ ಒಳಗೆ ಸರಿದಂತೆ ಕಾಣುವುದು ಸಹಜ. ಸ್ಕ್ಯಾನರ್ ಆ್ಯಪಿನಲ್ಲಿ ಸ್ಲೈಡಿನ ನಾಲ್ಕು ಮೂಲೆ ಹಿಡಿದು ನೆಟ್ಟಗೆ ಮಾಡಿದೆ. ಆ ಸಾಲು ಬಂದು ಮೊದಲ ಮಟ್ಟಕ್ಕೇ ಕೂತಿತು. ಮುಂದೆ ಬೊಟ್ಟೂ ಇತ್ತು.

ಫೂಟರನ್ನೂ ಓದಲಾಯಿತು. ತರಬೇತಿಯ ಹೆಸರು ಎಲ್ಲ ಸ್ಲೈಡಿನಲ್ಲೂ ಒಂದೇ, ಅದನ್ನು ಮೇಲೆ ಒಮ್ಮೆ ಬರೆದರಾಯಿತು. ನಕ್ಷತ್ರದ ಸಾಲು ಮಾತ್ರ ಈ ಸ್ಲೈಡಿನದ್ದೇ. ಅದನ್ನು ಕೊನೆಗೆ ತಳ್ಳದೆ ನಕ್ಷತ್ರ ಇದ್ದ ಅಂಶದ ಕೆಳಗೇ ಇಟ್ಟೆ. ಷರತ್ತುಗಳಲ್ಲಿ ಬರುವ ವಿವಿಎಂ ಎಂದರೆ ವೈಲ್ ಮೇಲಿರುವ, ಬಿಸಿ ತಗುಲಿದರೆ ಬಣ್ಣ ಬದಲಿಸುವ ಗುರುತು.

```
ಸ್ಲೈಡ್ 21-22: ತೆರೆದ ವೈಲ್ ನೀತಿ
28 ದಿನ ಬಳಸಬಹುದಾದವು*
  ಪೆಂಟಾ, ಒಪಿವಿ, ಐಪಿವಿ
  ಪಿಸಿವಿ, ಟಿಡಿ
  (*ತೆರೆದ ದಿನ, ಸಮಯ
  ವೈಲ್ ಮೇಲೆ ಬರೆದಿರಬೇಕು)
ಷರತ್ತುಗಳು
  ಅವಧಿ ಮುಗಿದಿರಬಾರದು
  ವಿವಿಎಂ ಸರಿ ಇರಬೇಕು
    ಒಳ ಚೌಕ ಹೊರ ವೃತ್ತಕ್ಕಿಂತ ತಿಳಿ
ಈ ನೀತಿ ಅನ್ವಯಿಸದವು
  ಬಿಸಿಜಿ, ಎಂಆರ್
    ಕಲಸಿ 4 ಗಂಟೆ ಅಥವಾ ಶಿಬಿರದ
    ಕೊನೆ, ಯಾವುದು ಮೊದಲೋ ಅದು
```

ಎರಡು ಸ್ಲೈಡನ್ನು ಒಂದೇ ತಲೆಬರಹದಡಿ ಸೇರಿಸಿದ್ದು ಬೇಕೆಂದೇ. ಬೇರೆ ಬೇರೆ ಬರೆದರೆ ಯಾರಾದರೂ 22ನ್ನಷ್ಟೇ ಕಾಪಿ ಮಾಡಿ ಮುಂದೆ ಕಳಿಸುತ್ತಾರೆ, ಬಿಸಿಜಿ ಮತ್ತೆ ತಾಯಿಯಿಲ್ಲದ ಮಗುವಾಗುತ್ತದೆ. ಬೇರೆಡೆ ಎರಡು ಫೂಟರು ಆಗಲೂ ಓದಲಾಗಲಿಲ್ಲ. ಅಲ್ಲಿ '[ಓದಲಾಗದು]' ಎಂದು ಬರೆದು ಬಿಟ್ಟೆ.

ಸೋಮವಾರ ಬೆಳಿಗ್ಗೆ ಅತ್ತಿಗೆ ಅಂಗಡಿಗೇ ಬಂದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿ, ಸರಿ ಅಂದರು. ನಾನು ಸುಮ್ಮನಿರಲಾರದೆ, "ಆ ದೊಡ್ಡ ತುರುಬಿನವರು ಯಾರು ಅತ್ತಿಗೆ? ಎರಡು ದಿನ ನನ್ನ ಜೀವ ತಿಂದ್ರಲ್ಲ" ಅಂದೆ.

"ಫೋಟೊ ತೆಗೆದವಳು ನನ್ನ ಹಿಂದಿನ ಸಾಲಲ್ಲಿ ಕೂತಿದ್ಲು" ಅಂದರು ಅತ್ತಿಗೆ. ಆಮೇಲೆ ಪ್ರಿಂಟಿಗೆ ಎಷ್ಟಾಯ್ತು ಅಂತ ಕೇಳಿದರು.