ಹಳೇ ಚೀಲದಾಗಿನ ಲಾಭ

ಇವತ್ತು ಹುಬ್ಬಳ್ಳಿ ಕಡೆ ಒಂದು ಬ್ಯಾಡಗಿ ಮೆಣಸಿನಕಾಯಿ ಅಂಗಡಿಯ ಲಾಭ-ನಷ್ಟದ ಪಟ್ಟಿ ಕೈಗೆ ಬಂತು.

ಮ್ಯಾಲೆ ಮಾರಾಟ 40 ಲಕ್ಷ. ಜಿಎಸ್‌ಟಿ ಬಿಟ್ಟು. ಅದು ಸರ್ಕಾರದ ರೊಕ್ಕ.
ಅದರ ಕೆಳಗ ಮಾರಿದ ಮಾಲಿನ ಖರ್ಚು: ವರ್ಷದ ಶುರುವಿಗೆ ಇದ್ದ ಸರಕು 5, ಖರೀದಿ 34, ಕೊನೆಗೆ ಉಳಿದ ಸರಕು 9 ಕಳೆದ್ರ 30 ಲಕ್ಷ.
ಒಟ್ಟು ಲಾಭ 10 ಲಕ್ಷ, ಅಂದ್ರ ನೂರಕ್ಕ 25.

ಹೋದ ವರ್ಷ ನೂರಕ್ಕ 20 ಇತ್ತು. ಕೊಳ್ಳೋ ರೇಟೂ ಅದೇ, ಮಾರೋ ರೇಟೂ ಅದೇ. ಮತ್ತ ಈ ಐದು ಎಲ್ಲಿಂದ ಬಂತು?

ಆ 9 ಲಕ್ಷದಾಗ ಐತಿ ನೋಡ್ರಿ. ಬಣ್ಣ ಬಿಟ್ಟ ಹಳೇ ಕಾಯಿ ಚೀಲಕ್ಕೂ ಕೊಂಡಾಗಿನ ರೇಟೇ ಹಾಕ್ಯಾರ. ಕೊಂಡ ಬೆಲೆ, ಈಗ ಮಾರಿದ್ರ ಖರ್ಚು ಹೋಗಿ ಕೈಗೆ ಉಳಿಯೋ ಬೆಲೆ, ಎರಡರಾಗ ಕಡಿಮಿ ಇದ್ದದ್ದು ಹಿಡೀಬೇಕು. ಹಂಗ ಹಿಡಿದ್ರ ಉಳಿದ ಸರಕು 7 ಲಕ್ಷ, ಮಾರಿದ ಮಾಲಿನ ಖರ್ಚು 32. ಒಟ್ಟು ಲಾಭ 8. ಮತ್ತ ಅದೇ ನೂರಕ್ಕ 20.

ಅಲ್ಲಿಂದ ಕೆಳಗ ಬರೇ ಕಳಿಯೋದು. ಪಗಾರ, ಬಾಡಿಗಿ, ಕರೆಂಟು 6 ಲಕ್ಷ. ಸವಕಳಿ 1. ಬ್ಯಾಂಕ್ ಬಡ್ಡಿ ಒಂದೂವರೆ.
ಪಟ್ಟಿಯೊಳಗ ತೆರಿಗಿಗೆ ಮೊದಲು ಒಂದೂವರೆ ಲಕ್ಷ ಲಾಭ. ಖರೇ ಲೆಕ್ಕದಾಗ ಅರ್ಧ ಲಕ್ಷ ಲುಕ್ಸಾನು.

ಇದನ್ನ ಹಂಗೇ ಬಿಟ್ರ ಮುಂದಿನ ವರ್ಷ ಅದೇ 9 ಶುರುವಿನ ಸರಕಾಗಿ ಬಂದು ಕೂಡತೈತಿ, ಆ ವರ್ಷದ ಲಾಭ ತಿಂತೈತಿ.