ಡಿಎನ್ಎಸ್ ರಿಸಾಲ್ವರ್ ಬರೆಯುತ್ತಿದ್ದೇನೆ: ಎರಡು ಬಗ್, ಒಂದು ನಕಲಿ ವಿಳಾಸ

ದಿನ 1

ಲೈಬ್ರರಿ ಬಳಸದೆ, ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕುವ ಪ್ರೋಗ್ರಾಂ ಬರೆಯಬೇಕು ಅನ್ನೋದು ಹಳೇ ಆಸೆ. ಪರೀಕ್ಷೆಗೆ www.wikipedia.org ತಗೊಂಡೆ. ಪ್ಯಾಕೆಟ್‌ನಲ್ಲಿ ಮೊದಲ 12 ಬೈಟ್ ಹೆಡರ್. ಆಮೇಲೆ ಹೆಸರು. ಇಲ್ಲಿ ಚುಕ್ಕಿಗಳು ಹೋಗುವುದಿಲ್ಲ. ಪ್ರತಿ ತುಂಡಿನ ಮುಂದೆ ಅದರ ಉದ್ದ ಬರುತ್ತದೆ, ಕೊನೆಗೆ ಸೊನ್ನೆ:

```
03 77 77 77 09 77 69 6b 69 70 65 64 69 61 03 6f 72 67 00
```

ಇದನ್ನು ರೂಟ್ ಸರ್ವರ್ 198.41.0.4ಕ್ಕೆ, ಯುಡಿಪಿ ಪೋರ್ಟ್ 53ಕ್ಕೆ ಕಳಿಸಿದೆ. ಉತ್ತರ ಬಂತು, ಆದರೆ ಅದರಲ್ಲಿ ವಿಕಿಪೀಡಿಯದ ವಿಳಾಸ ಇಲ್ಲ. ರೂಟ್‌ಗೆ ಅದು ಗೊತ್ತೇ ಇಲ್ಲ. "org ನೋಡಿಕೊಳ್ಳುವವರು ಇವರು, ಅವರನ್ನು ಕೇಳು" ಅನ್ನುತ್ತದೆ ಅಷ್ಟೇ.

ಆ ಉತ್ತರ ಓದುವಾಗಲೇ ಪ್ರೋಗ್ರಾಂ ಬಿತ್ತು. org ಇರಬೇಕಾದ ಜಾಗದಲ್ಲಿ `c0 1a` ಇತ್ತು. ನನ್ನ ಕೋಡ್ c0 ಅನ್ನು ಉದ್ದ ಅಂದುಕೊಂಡು, 192 ಅಕ್ಷರ ಹುಡುಕುತ್ತಾ ಮುಂದೆ ಓಡಿತ್ತು.

ದಿನ 2

ಅದು ಉದ್ದ ಅಲ್ಲ, ಪಾಯಿಂಟರ್. ಒಂದು ತುಂಡು 63 ಅಕ್ಷರಕ್ಕಿಂತ ಜಾಸ್ತಿ ಇರುವಂತಿಲ್ಲ. ಹಾಗಾಗಿ ಉದ್ದದ ಬೈಟ್‌ನಲ್ಲಿ ಮೇಲಿನ ಎರಡು ಬಿಟ್ ಯಾವಾಗಲೂ ಸೊನ್ನೆ. ಎರಡೂ 1 ಆಗಿದ್ದರೆ, "ಈ ಹೆಸರು ಆಗಲೇ ಬಂದಿದೆ, ಅಲ್ಲಿ ಹೋಗಿ ಓದು" ಅಂತ ಅರ್ಥ. ಆ ಎರಡು ಬಿಟ್ ತೆಗೆದರೆ 1a, ಅಂದರೆ 26 ಉಳಿಯುತ್ತದೆ. ಹೆಡರ್‌ನಿಂದ ಎಣಿಸಿ ನೋಡಿದೆ: www 12ರಲ್ಲಿ, wikipedia 16ರಲ್ಲಿ, org ಸರಿಯಾಗಿ 26ರಲ್ಲಿ! ಜಾಗ ಉಳಿಸಲು ಮಾಡಿದ ಜಾಣತನ.

ಯಾರಾದರೂ ತನ್ನನ್ನೇ ತೋರಿಸುವ ಪಾಯಿಂಟರ್ ಕಳಿಸಿದರೆ ನನ್ನ ಕೋಡ್ ಅಲ್ಲೇ ಸುತ್ತುತ್ತಿರುತ್ತದೆ, ಅಲ್ವಾ? ಅದಕ್ಕೆ ಪಾಯಿಂಟರ್ ಹಿಂದಕ್ಕೆ ಮಾತ್ರ ಹೋಗಬಹುದು ಅಂತ ನಿಯಮ ಹಾಕಿದೆ.

ದಿನ 4

ಈಗ ಸರಪಳಿ ಪೂರ್ತಿ ಓಡುತ್ತಿದೆ. ರೂಟ್ org ಸರ್ವರ್‌ಗೆ ಕಳಿಸಿತು, ಅದು ns0.wikimedia.org ಕಡೆ ಕೈ ತೋರಿಸಿತು. ಅಲ್ಲಿಂದ ಉತ್ತರ ಬಂದು, ಪರದೆಯ ಮೇಲೆ 4.100.121.110 ಮೂಡಿತು. ಖುಷಿಯಾದೆ. ಬ್ರೌಸರ್‌ನಲ್ಲಿ ಹಾಕಿದರೆ ವಿಕಿಪೀಡಿಯ ಬರಲೇ ಇಲ್ಲ.

ಅರ್ಧ ಗಂಟೆ ತಲೆ ಕೆರೆದುಕೊಂಡೆ. 100, 121, 110... ಇವು d, y, n ಅಕ್ಷರಗಳ ಸಂಖ್ಯೆಗಳು! ಬಂದಿದ್ದ ದಾಖಲೆ ವಿಳಾಸವೇ ಅಲ್ಲ, ಸಿನೇಮ್. "ಈ ಹೆಸರಿನ ನಿಜವಾದ ಹೆಸರು dyna.wikimedia.org" ಅಂತ ಅದು ಹೇಳುತ್ತಿತ್ತು. ಮೊದಲ 4 ಅಂದರೆ dyna ತುಂಡಿನ ಉದ್ದ. ನಾನು ದಾಖಲೆಯ ಬಗೆ ನೋಡದೆ, ಸುಮ್ನೆ ಮೊದಲ ನಾಲ್ಕು ಬೈಟ್ ಎತ್ತಿಕೊಂಡು ವಿಳಾಸ ಅಂತ ಅಚ್ಚು ಹಾಕಿದ್ದೆ. ಪ್ರೋಗ್ರಾಂ ಬಿದ್ದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಇದು ನೋಡಲು ಸರಿಯಾಗಿಯೇ ಇತ್ತು.

ಈಗ ಬಗೆ 1 ಆದರೆ ಮಾತ್ರ ವಿಳಾಸ ಅಂತ ಓದುತ್ತೇನೆ. 5 ಬಂದರೆ ಹೊಸ ಹೆಸರು ಹಿಡಿದು ಮತ್ತೆ ರೂಟ್‌ನಿಂದ ಹುಡುಕಾಟ. ಪ್ರತಿ ಸಲ ರೂಟ್‌ಗೆ ಹೋಗುವುದು ದಂಡ, ಗೊತ್ತು. ಕ್ಯಾಶ್ ಬರೆಯುವ ಕೆಲಸ ಮುಂದಿನ ವಾರಕ್ಕೆ.